ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಎಷ್ಟು ಇಂಗಾಲದ ಡೈಆಕ್ಸೈಡ್? ನಿಮ್ಮ ಗಾಡಿಯ ವರ್ಷದ ಲೆಕ್ಕ ಹೀಗೆ ಹಾಕಿ

ಒಂದು ಲೀಟರ್ ಪೆಟ್ರೋಲ್ ತೂಗಿದರೆ ಮುಕ್ಕಾಲು ಕಿಲೋ ಕೂಡ ಬರುವುದಿಲ್ಲ, ಸುಮಾರು 740 ಗ್ರಾಂ ಅಷ್ಟೇ. ಆದರೆ ಅದು ಸುಟ್ಟಾಗ ಹೊರಬರುವ ಇಂಗಾಲದ ಡೈಆಕ್ಸೈಡ್ 2.3 ಕಿಲೋ. ಮುಕ್ಕಾಲು ಕಿಲೋದಿಂದ ಎರಡೂಕಾಲು ಕಿಲೋ ಹೇಗೆ ಬರುತ್ತೆ ಅಂತ ಯಾರಿಗಾದರೂ ಅನುಮಾನ ಬರಬೇಕಾದ್ದೇ.

ಉತ್ತರ ಗಾಳಿಯಲ್ಲಿದೆ. 740 ಗ್ರಾಂ ಪೆಟ್ರೋಲಿನಲ್ಲಿ ಇಂಗಾಲ ಸುಮಾರು 635 ಗ್ರಾಂ. ಎಂಜಿನ್ ಒಳಗೆ ಇಂಗಾಲದ ಒಂದು ಪರಮಾಣು ಗಾಳಿಯಿಂದ ಆಮ್ಲಜನಕದ ಎರಡನ್ನು ಎಳೆದುಕೊಳ್ಳುತ್ತದೆ. ಇಂಗಾಲದ ತೂಕ 12, ಎರಡು ಆಮ್ಲಜನಕದ್ದು 32, ಒಟ್ಟು 44. ಅಂದರೆ 12 ಗ್ರಾಂ ಇಂಗಾಲ ಹೊರಗೆ ಬರುವಾಗ 44 ಗ್ರಾಂ ಆಗಿರುತ್ತದೆ. 635ನ್ನು 44ರಿಂದ ಗುಣಿಸಿ 12ರಿಂದ ಭಾಗಿಸಿದರೆ 2,330 ಗ್ರಾಂ ಸಿಗುತ್ತದೆ. ಡೀಸೆಲ್ ಸ್ವಲ್ಪ ಭಾರ, ಲೀಟರಿಗೆ 835 ಗ್ರಾಂ ಆಸುಪಾಸು. ಅದರಲ್ಲಿ ಇಂಗಾಲ 720 ಗ್ರಾಂ. ಹಾಗಾಗಿ ಲೀಟರಿಗೆ 2.64 ಕಿಲೋ. ಅರ್ಧಂಬರ್ಧ ಸುಟ್ಟು ಹೋಗುವ ಪಾಲು ತೀರಾ ಕಡಿಮೆ, ಅದನ್ನು ಬಿಟ್ಟುಬಿಡಬಹುದು.

ಪೆಟ್ರೋಲಿಗೆ ಇನ್ನೊಂದು ತಿದ್ದುಪಡಿ ಬೇಕು. ಈಗ ಬಂಕ್‌ನಲ್ಲಿ ಸಿಗುವುದು ಇ20, ಅಂದರೆ ಐದನೇ ಒಂದು ಪಾಲು ಎಥನಾಲ್. ಎಥನಾಲಿನಲ್ಲಿ ಇಂಗಾಲ ಕಡಿಮೆ, ಲೀಟರ್ ಸುಟ್ಟರೆ 1.5 ಕಿಲೋ. ಎರಡನ್ನೂ ಅವುಗಳ ಪಾಲಿಗೆ ತಕ್ಕಂತೆ ಕೂಡಿಸಿದರೆ ಇ20 ಲೀಟರಿಗೆ 2.16 ಕಿಲೋ. ಇದರಲ್ಲಿ ಎಥನಾಲಿನ 0.3 ಕಿಲೋ ಬೆಳೆ ಗಾಳಿಯಿಂದಲೇ ಹೀರಿಕೊಂಡಿದ್ದು, ಹಾಗಾಗಿ ಅಧಿಕೃತ ಲೆಕ್ಕಗಳಲ್ಲಿ ಅದನ್ನು ಬೇರೆ ಕಾಲಂನಲ್ಲಿ ಬರೆಯುತ್ತಾರೆ. ಹಾಗಂತ ಅದು ಪುಕ್ಕಟೆ ಅಲ್ಲ. ನಮ್ಮ ದಾವಣಗೆರೆ ಕಡೆ ಮೆಕ್ಕೆಜೋಳ ಬೆಳೆಯುವವರಿಗೆ ಗೊತ್ತು, ಟ್ರ್ಯಾಕ್ಟರ್‌ಗೆ ಡೀಸೆಲ್ ಬೇಕು, ಹೊಲಕ್ಕೆ ಯೂರಿಯಾ ಬೇಕು. ಮನೆಯ ಲೆಕ್ಕಕ್ಕೆ ನಾನು 2.16 ಅಂತಲೇ ಹಿಡಿಯುತ್ತೇನೆ.

ಈ ಸಂಖ್ಯೆಗಳಲ್ಲಿ ತಪ್ಪಾಗುವುದು ಕಡಿಮೆ. ಲೆಕ್ಕ ಕೆಡುವುದು ಲೀಟರ್ ಅಂದಾಜಿನಲ್ಲಿ.

ಒಂದು ಉದಾಹರಣೆ ನೋಡಿ. ಮನೆ ದಾವಣಗೆರೆ, ಕೆಲಸ ಚಿತ್ರದುರ್ಗ. ಹೋಗಿ ಬರಲು ಸುಮಾರು 120 ಕಿ.ಮೀ. ವಾರಕ್ಕೆ ಮೂರು ದಿನ, ವರ್ಷದಲ್ಲಿ 48 ವಾರ ಅಂದರೆ 17,280 ಕಿ.ಮೀ. ಡೀಸೆಲ್ ಕಾರಿಗೆ ಕಂಪನಿ ಹೇಳುವ ಮೈಲೇಜ್ 23 ಅಂದುಕೊಳ್ಳಿ. ಆಗ 751 ಲೀಟರ್, 1,983 ಕಿಲೋ. ಆದರೆ ಎಸಿ ಹಾಕಿಕೊಂಡು, ಹೈವೇಯಲ್ಲಿ ಜೋರಾಗಿ ಓಡಿಸುವ ಅದೇ ಕಾರು ನಿಜಕ್ಕೂ ಕೊಡುವುದು 18 ಆದರೆ? 960 ಲೀಟರ್, 2,534 ಕಿಲೋ. ಸುಮ್ನೆ ಕಂಪನಿ ಮಾತು ನಂಬಿದ್ದಕ್ಕೆ 550 ಕಿಲೋ ಲೆಕ್ಕದಿಂದ ಮಾಯ!

ಅದಕ್ಕೆ ಮೈಲೇಜನ್ನು ನೀವೇ ಅಳೆಯಿರಿ. ಪಿ.ಬಿ. ರಸ್ತೆಯ ಯಾವುದಾದರೂ ಒಂದು ಬಂಕ್ ಹಿಡಿದು, ನಳಿಕೆ ತಾನಾಗಿ ಕಟ್ ಆಗುವವರೆಗೆ ಟ್ಯಾಂಕ್ ತುಂಬಿಸಿ. ಮೀಟರ್‌ನಲ್ಲಿರುವ ಕಿ.ಮೀ. ಬರೆದಿಟ್ಟುಕೊಳ್ಳಿ. ಮುಂದಿನ ಸಲವೂ ಅದೇ ಬಂಕ್‌ನಲ್ಲಿ ಕಟ್ ಆಗುವವರೆಗೇ ಹಾಕಿಸಿ. ಮಧ್ಯೆ ಬೇರೆಲ್ಲೂ ಹಾಕಿಸಿಲ್ಲ ಅಂದರೆ, ಈಗ ಹಿಡಿದ ಲೀಟರ್ ನೀವು ಅಷ್ಟು ದೂರಕ್ಕೆ ಸುಟ್ಟಿದ್ದು. ಒಂದು ಸಲದ ಲೆಕ್ಕ ನಂಬಬೇಡಿ, ನಾಲ್ಕೈದು ಸಲದ್ದನ್ನು ಒಟ್ಟು ಕೂಡಿಸಿ ಭಾಗಿಸಿ. ಒಂದರ ಮೈಲೇಜ್ ಉಳಿದವಕ್ಕಿಂತ ತುಂಬಾ ಜಾಸ್ತಿ ಬಂದರೆ ಆ ಸಲ ಟ್ಯಾಂಕ್ ಪೂರ್ತಿ ತುಂಬಿಲ್ಲ ಅಂತ ಅರ್ಥ.

ಬೈಕಿನವರು ಇನ್ನೂರು, ಮುನ್ನೂರು ರೂಪಾಯಿಗೆ ಹಾಕಿಸುವುದೇ ರೂಢಿ ಅಲ್ವಾ? ಅವರಿಗೆ ಫುಲ್ ಟ್ಯಾಂಕ್ ಗೋಜು ಬೇಡ. ಬಂಕ್‌ನ ಚೀಟಿಯಲ್ಲಿ ದರ, ಲೀಟರ್, ಮೊತ್ತ ಮೂರೂ ಇರುತ್ತವೆ, ಲೀಟರ್ ಮಾತ್ರ ಗುರುತು ಹಾಕಿಕೊಂಡರೆ ಸಾಕು. ಚೀಟಿ ಇಲ್ಲದಿದ್ದರೆ ಫೋನಿನಲ್ಲಿ ಕಟ್ಟಿದ ಹಣದ ಪಟ್ಟಿ ತೆಗೆದು ಆಗಿನ ದರದಿಂದ ಭಾಗಿಸಿ. ವರ್ಷಕ್ಕೆ 200 ಲೀಟರ್ ಬಂತು ಅನ್ನಿ, 2.16ರಿಂದ ಗುಣಿಸಿದರೆ 432 ಕಿಲೋ.

ಹೊಗೆ ತಪಾಸಣೆ ಸರ್ಟಿಫಿಕೇಟಿನಲ್ಲಿ ಇದನ್ನು ಹುಡುಕಲು ಹೋಗಬೇಡಿ. ಆ ಸರ್ಟಿಫಿಕೇಟ್ ಹೇಳುವುದು ಪೆಟ್ರೋಲ್ ಗಾಡಿಯ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಕಾರ್ಬನ್ ಮತ್ತು ಡೀಸೆಲ್ ಗಾಡಿಯ ಕಪ್ಪು ಹೊಗೆ ಮಿತಿಯಲ್ಲಿದೆಯೇ ಅಂತ. ಅದರಲ್ಲಿ ಪಾಸಾದ ಕಾರೂ ಲೀಟರಿಗೆ ಅಷ್ಟೇ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ.

ಚಿತ್ರದುರ್ಗಕ್ಕೆ ಹೋಗುವ ಕಾರಿನಲ್ಲಿ ನಾಲ್ವರು ಸೇರಿದರೆ ತಲೆಗೆ 630 ಕಿಲೋ ಚಿಲ್ಲರೆ. ಭಾರಕ್ಕೆ ಮೈಲೇಜ್ ಸ್ವಲ್ಪ ಇಳಿಯುತ್ತದೆ, ಅದನ್ನು ಬಂಕ್‌ನ ಚೀಟಿಯೇ ತೋರಿಸುತ್ತದೆ. ಇದೆಲ್ಲ ಸೈಲೆನ್ಸರ್‌ನಿಂದ ಹೊರಬಂದದ್ದರ ಲೆಕ್ಕ ಮಾತ್ರ. ಕಚ್ಚಾ ತೈಲ ತೆಗೆದು, ಶುದ್ಧ ಮಾಡಿ, ಟ್ಯಾಂಕರ್‌ನಲ್ಲಿ ಬಂಕ್‌ಗೆ ತರುವಾಗ ಸುಡುವುದನ್ನು ಸೇರಿಸಿದರೆ ಇನ್ನೂ ಐದನೇ ಒಂದು ಪಾಲಿನಷ್ಟು ಏರುತ್ತದೆ. ಬೇರೆಯವರ ಲೆಕ್ಕದ ಜೊತೆ ನಿಮ್ಮದನ್ನು ಹೋಲಿಸುವ ಮುಂಚೆ, ಅವರು ಇದನ್ನು ಸೇರಿಸಿದ್ದಾರಾ ಇಲ್ಲವಾ ಕೇಳಿಕೊಳ್ಳಿ.