ಪ್ಯಾರಾ ಮುರಿದು ಎರಡು ಕಾಲಂ ಮಾಡಿದ್ದು

ಅಘನಾಶಿನಿ ಅಳಿವೆಯ ಉಪ್ಪುನೀರಿನ ಗದ್ದೆಗಳಲ್ಲಿ, ಅಂದರೆ ಗಜನಿಯಲ್ಲಿ, ಬೆಳೆಯುವ ಕಗ್ಗ ಭತ್ತದ ಮೇಲೆ ನಾವು ಕೆಲವರು ಸೇರಿ ಒಂದು ಸಾಕ್ಷ್ಯಚಿತ್ರ ಮಾಡಿದೆವು. ಕುಮಟಾದಲ್ಲಿ ಕೂತು ನಾನು ನಿರೂಪಣೆ ಬರೆದೆ. ನಾಲ್ಕು ಪುಟ, ಬರೀ ಪ್ಯಾರಾಗಳು. ಕಾರವಾರದಿಂದ ಎಡಿಟರ್ ಫೋನ್ ಮಾಡಿದರು: “ಮಾರಾಯ್ರೆ, ಓದೋಕೆ ಚೆನ್ನಾಗಿದೆ. ಯಾವ ಮಾತಿಗೆ ಯಾವ ಶಾಟ್ ಹಾಕ್ಲಿ?”

ಟೇಬಲ್ ಹಾಕಿ, ಎಡಕ್ಕೆ ಚಿತ್ರ, ಬಲಕ್ಕೆ ಧ್ವನಿ ಎಂದು ಶುರು ಮಾಡಿದೆ. ಮೊದಲ ಸಲ ಒಂದೊಂದು ವಾಕ್ಯಕ್ಕೆ ಒಂದೊಂದು ಸಾಲು ಕೊಟ್ಟೆ. ಅದು ತಪ್ಪಾಯ್ತು. ಚಿತ್ರ ಬದಲಾಗುವುದು ಪೂರ್ಣವಿರಾಮ ನೋಡಿಕೊಂಡಲ್ಲ. ನನ್ನ ಈ ವಾಕ್ಯ ನೋಡಿ:

“ಮಳೆಗಾಲದಲ್ಲಿ ಗಜನಿಯ ಉಪ್ಪು ತೊಳೆದುಹೋಗಿ ಕಗ್ಗ ಬೆಳೆಯುತ್ತದೆ, ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಂದು ಸಿಗಡಿ ತುಂಬುತ್ತದೆ.”

ಇಷ್ಟರಲ್ಲೇ ಮಳೆ, ತೆನೆ, ಉಪ್ಪುನೀರು ಎಂದು ಮೂರು ಚಿತ್ರಗಳಿವೆ. ಎಡ ಕಾಲಂ ತುಂಬಲು ಹೋದಾಗಲೇ ಗೊತ್ತಾಗಿದ್ದು, ನಮ್ಮ ಹತ್ತಿರ ಮಳೆಯ ಶಾಟೇ ಇಲ್ಲ! ಚಿತ್ರೀಕರಣಕ್ಕೆ ಹೋಗಿದ್ದು ಕೊಯ್ಲಿನ ಹೊತ್ತಿಗೆ ಒಮ್ಮೆ, ಆಮೇಲೆ ಜನವರಿಯಲ್ಲಿ ಒಮ್ಮೆ. ಪ್ಯಾರಾದಲ್ಲಿ ಈ ಕೊರತೆ ಸುಮ್ನೆ ಅಡಗಿ ಕೂತಿತ್ತು. ಹಾಗಾಗಿ ಮಳೆಯ ಮಾತನ್ನು ನಿರೂಪಣೆಯಿಂದ ತೆಗೆದು ರೈತರ ಬಾಯಿಗೆ ಬಿಟ್ಟೆ.

| ನಂ. | ಚಿತ್ರ | ಧ್ವನಿ |
|---|---|---|
| 1 | ಒಡ್ಡಿನ ಮೇಲಿಂದ ಗದ್ದೆ, ವೈಡ್. ಕ್ಲಿಪ್ C0041 | ಗಾಳಿಯ ಸದ್ದು ಮಾತ್ರ, 3 ಸೆಕೆಂಡ್ |
| 2 | ಜಗಲಿಯಲ್ಲಿ ರೈತರು. C0052, 02:14–02:25. ಕೆಳಗೆ ಹೆಸರು, ಊರು | ಬೈಟ್: “ಮಳೆ ಬಿದ್ದ ಮೇಲೆ… ಉಪ್ಪು ಇಳೀತದೆ” |
| 3 | ತೆನೆ, ಕ್ಲೋಸಪ್. C0044 | ನಿರೂಪಣೆ: ಆಗ ಇಲ್ಲಿ ಬೆಳೆಯುವುದು ಕಗ್ಗ. |
| 4 | ತೂಬಿನಲ್ಲಿ ನುಗ್ಗುವ ನೀರು. C0060 | ನಿರೂಪಣೆ: ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬರುತ್ತದೆ, ಅದರ ಜೊತೆ ಸಿಗಡಿಯೂ ಬರುತ್ತದೆ. |

ಬೈಟ್, ಅಂದರೆ ಕ್ಯಾಮೆರಾ ಮುಂದೆ ರೈತರು ಆಡಿದ ಮಾತು, ಪೂರ್ತಿ ಬರೆಯಲಿಲ್ಲ. ಶುರುವಿನ ಮಾತು, ಕೊನೆಯ ಮಾತು, ಕ್ಲಿಪ್ಪಿನ ಸಮಯ ಇದ್ದರೆ ಎಡಿಟರ್‌ಗೆ ಸಾಕು. ಮಾತಿಲ್ಲದ ಜಾಗಕ್ಕೂ ಒಂದು ಸಾಲು ಕೊಡಲೇಬೇಕು. ಖಾಲಿ ಬಿಟ್ಟರೆ ಅಲ್ಲಿ ನಿರೂಪಣೆ ಬಿಟ್ಟುಹೋಗಿದೆ ಅಂದುಕೊಳ್ಳುತ್ತಾರೆ. ಎಡ ಕಾಲಂನಲ್ಲಿ “ಸುಂದರ ಗದ್ದೆ” ಎಂದು ಬರೆದರೂ ಉಪಯೋಗವಿಲ್ಲ, ಸುಂದರ ಗದ್ದೆಯ ಕ್ಲಿಪ್ಪುಗಳು ಹದಿನೈದು ಇದ್ದವು.

ಕಾಲಂಗಳನ್ನು ಟ್ಯಾಬ್ ಒತ್ತಿ ಮಾಡಲು ಹೋಗಬೇಡಿ. ಒಂದು ಪದ ಸೇರಿಸಿದರೂ ಎಲ್ಲ ಜರುಗುತ್ತದೆ. ಟೇಬಲ್ಲಿನಲ್ಲೂ ಒಂದು ಸಾಲು ಎರಡು ಪುಟಕ್ಕೆ ಹರಿಯದಂತೆ ವರ್ಡ್‌ನಲ್ಲಿ `Allow row to break across pages` ಎಂಬುದರ ಟಿಕ್ ತೆಗೆದೆ.

ಕೊನೆಗೆ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿದೆ. ಮನಸ್ಸಿನಲ್ಲೇ ಓದಿದರೆ ಸಮಯ ಕಡಿಮೆ ತೋರಿಸುತ್ತದೆ. ನಾಲ್ಕನೇ ಸಾಲಿಗೆ 7 ಸೆಕೆಂಡ್ ಬಂತು, ತೂಬಿನ ಶಾಟ್ ಇದ್ದದ್ದು 5. ಬರೆದ ಮಾತು ಬಿಡೋಕೆ ಮನಸ್ಸು ಬರಲ್ಲ, ಅಲ್ವಾ? ಹಾಗೇ ಕಳಿಸಿಬಿಟ್ಟೆ. ಸಂಜೆ ಎಡಿಟರ್ ಮೆಸೇಜ್ ಬಂತು: “4ನೇ ಸಾಲು, 2 ಸೆಕೆಂಡ್ ಜಾಸ್ತಿ.” ಸಾಲು ಹೀಗಾಯಿತು: “ಕೊಯ್ಲಾದ ಮೇಲೆ ಉಪ್ಪುನೀರು, ಜೊತೆಗೆ ಸಿಗಡಿ.”