ಟ್ಯಾಂಕರ್ ನೀರಿಗೆ ಸಂಪ್ ಎಷ್ಟು ದೊಡ್ಡದಿರಬೇಕು?

ಟ್ಯಾಂಕರ್ ನಂಬಿರುವ ಅಪಾರ್ಟ್‌ಮೆಂಟ್‌ಗಳು ಸಂಪ್ ಅಳತೆಯನ್ನು ಹೀಗೆ ಲೆಕ್ಕ ಹಾಕಿ: ಫೋನ್ ಮಾಡಿದ ಮೇಲೆ ಟ್ಯಾಂಕರ್ ಬರುವಷ್ಟರಲ್ಲಿ ಖರ್ಚಾಗುವ ನೀರು, ಅದರ ಜೊತೆ ಒಂದು ಪೂರ್ತಿ ಲೋಡ್‌. ಲೋಡ್‌ನಷ್ಟು ಜಾಗ ಖಾಲಿ ಇಲ್ಲದಿದ್ದರೆ ಉಳಿದ ನೀರು ವಾಪಸ್ ಹೋಗುತ್ತದೆ, ದುಡ್ಡು ಮಾತ್ರ ಪೂರ್ತಿ. 60 ಮನೆ, ಮನೆಗೆ 4 ಜನ, ತಲೆಗೆ 135 ಲೀಟರ್ ಅಂದರೆ ದಿನಕ್ಕೆ 32,400 ಲೀಟರ್. ಟ್ಯಾಂಕರ್ ಬರಲು ಒಂದೂವರೆ ದಿನ ಆಗುತ್ತದೆ ಎಂದುಕೊಂಡರೆ 48,600, ಅದಕ್ಕೆ 12,000 ಲೀಟರ್ ಲೋಡ್ ಸೇರಿಸಿ 60,600. ಸಂಪ್ ತಳ 6 ಮೀಟರ್ x 5 ಮೀಟರ್ ಇದ್ದರೆ ಫುಟ್‌ವಾಲ್ವ್ ಎಳೆಯದ ಕೆಳಗಿನ 30 ಸೆಂಟಿಮೀಟರ್‌ನಲ್ಲೇ 9,000 ಲೀಟರ್ ಕೂತಿರುತ್ತದೆ, ಹಾಗಾಗಿ 70,000 ಲೀಟರ್ ಸಂಪ್ ಬೇಕು. ಇದೇ ಸಂಪ್‌ನಲ್ಲಿ ಒಂದು ಲೋಡ್‌ಗೆ ಮಟ್ಟ 40 ಸೆಂಟಿಮೀಟರ್ ಏರಬೇಕು. ಪಂಪ್ ಆಫ್ ಮಾಡಿ ಕೋಲು ಇಳಿಸಿ ನೋಡಿ, 33 ಬಂದರೆ ಸುಮಾರು 2,000 ಲೀಟರ್ ಕಡಿಮೆ ಸುರಿದಿದ್ದಾರೆ. ಕಾವೇರಿ ಸಂಪರ್ಕವೂ ಇದ್ದರೆ ಈ ಲೆಕ್ಕ ಕೈಕೊಡುತ್ತದೆ: ನೀರು ಬಿಡುವ ಹಿಂದಿನ ರಾತ್ರಿ ಟ್ಯಾಂಕರ್ ತುಂಬಿಸಿಬಿಟ್ಟರೆ ಫ್ಲೋಟ್ ವಾಲ್ವ್ ಮುಚ್ಚಿ, ಅಗ್ಗದ ನೀರು ಒಳಗೇ ಬರುವುದಿಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಿಲ್ಲಾಡಳಿತ 5 ಕಿಲೋಮೀಟರ್ ಒಳಗೆ 12,000 ಲೀಟರ್‌ಗೆ 1,000 ರೂಪಾಯಿ ನಿಗದಿ ಮಾಡಿತ್ತು, ಅಂದರೆ ಸಾವಿರ ಲೀಟರ್‌ಗೆ 83. ಪೈಪ್‌ಲೈನ್ ನೀರು ಅದಕ್ಕಿಂತ 40 ರೂಪಾಯಿ ಅಗ್ಗ ಬಿದ್ದರೂ ತಿಂಗಳಿಗೆ ಸುಮಾರು 39,000 ಉಳಿತಾಯ. ಸಂಪರ್ಕದ ಒಟ್ಟು ಖರ್ಚನ್ನು ಅದರಿಂದ ಭಾಗಿಸಿದರೆ ಎಷ್ಟು ತಿಂಗಳಲ್ಲಿ ದುಡ್ಡು ಹುಟ್ಟುತ್ತದೆ ಎಂದು ಗೊತ್ತಾಗುತ್ತದೆ. ಪೈಪ್‌ನಲ್ಲಿ ಅರ್ಧವೇ ನೀರು ಬಂದರೆ ಉಳಿತಾಯವೂ ಅರ್ಧವೇ.