ಪೇಟ ತೊಟ್ಟ ಮುಖದ ಅಳತೆ ನೋಡುವುದು ಹೇಗೆ?

ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು ಮುದ್ದೇನಹಳ್ಳಿ ಇರುವುದು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ. ಹೀಗಾಗಿ ಇಲ್ಲಿ ಚಿತ್ರ ಬರೆಯುವ ಹುಚ್ಚು ಹತ್ತಿದವರು ಒಮ್ಮೆಯಾದರೂ ಅವರ ಭಾವಚಿತ್ರಕ್ಕೆ ಕೈ ಹಾಕುತ್ತಾರೆ. ಪೇಟ ಚೆನ್ನಾಗಿ ಮೂಡಿರುತ್ತದೆ, ಕೋಟೂ ಸರಿಯಾಗಿರುತ್ತದೆ. ಮುಖ ಮಾತ್ರ ಬೇರೆ ಯಾರದೋ ಆಗಿರುತ್ತದೆ. ಎಲ್ಲೋ ತಪ್ಪಿದೆ ಎಂಬುದು ನೋಡಿದ ತಕ್ಷಣ ಗೊತ್ತಾಗುತ್ತದೆ. ಎಲ್ಲಿ ಎಂಬುದನ್ನು ಸ್ಕೇಲ್ ಹಿಡಿದೇ ಕಂಡುಕೊಳ್ಳಬೇಕು.

ನೆತ್ತಿಯಿಂದ ಗದ್ದದವರೆಗಿನ ಎತ್ತರದಲ್ಲಿ ಕಣ್ಣು ಸುಮಾರು ನಟ್ಟನಡುವೆ ಬರುತ್ತದೆ ಎಂದು ಚಿತ್ರಕಲೆಯ ತರಗತಿಗಳಲ್ಲಿ ಹೇಳಿಕೊಡುತ್ತಾರೆ. ಪೇಟ ತೊಟ್ಟವರ ಮುಖಕ್ಕೆ ಈ ಸೂತ್ರ ಕೆಲಸಕ್ಕೆ ಬರುವುದಿಲ್ಲ. ನೆತ್ತಿಯೇ ಕಾಣದಿರುವಾಗ ಅದನ್ನು ಊಹಿಸಿಕೊಂಡು ಅಳೆದರೆ, ಊಹೆಯ ತಪ್ಪೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಆದ್ದರಿಂದ ಅಳತೆಗೋಲನ್ನು ಮುಖದೊಳಗೇ ಹುಡುಕಬೇಕು. ಎರಡು ಕಣ್ಣಪಾಪೆಗಳ ನಡುವಿನ ಅಂತರ ಇದಕ್ಕೆ ತಕ್ಕುದು. ಪಾಪೆಗಳ ನಡುಬಿಂದುವನ್ನು ಗುರುತಿಸುವುದು ಸುಲಭ. ಗಡ್ಡ, ಕೂದಲು, ಪೇಟ ಯಾವುದೂ ಅದನ್ನು ಮರೆಮಾಡುವುದಿಲ್ಲ.

ಮೊದಲು, ನೀವು ನೋಡಿ ಬರೆದ ಅದೇ ಫೋಟೊವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ. ಬೇರೆ ವಯಸ್ಸಿನ, ಮುಖ ಬೇರೆ ಕಡೆ ತಿರುಗಿರುವ ಇನ್ನೊಂದು ಫೋಟೊ ಬೇಡ. ಮುಖ ಸ್ವಲ್ಪ ತಿರುಗಿದರೂ ಪಾಪೆಗಳ ಅಂತರ ಕಿರಿದಾಗಿ ಕಾಣುತ್ತದೆ, ಆಗ ಎಲ್ಲ ಲೆಕ್ಕವೂ ಬದಲಾಗುತ್ತದೆ. ಪ್ರಿಂಟ್ ಚಿಕ್ಕದಿದ್ದರೂ ತೊಂದರೆಯೇ. ಪಾಪೆಗಳ ಅಂತರ 10 ಮಿ.ಮೀ. ಇರುವ ಫೋಟೊದಲ್ಲಿ ಒಂದು ಮಿ.ಮೀ. ತಪ್ಪಿ ಅಳೆದರೆ ಹತ್ತಕ್ಕೆ ಒಂದು ಪಾಲು ತಪ್ಪಿದಂತೆ. ಅಂತರ 40 ಮಿ.ಮೀ. ಇದ್ದರೆ ಅದು ನಲವತ್ತಕ್ಕೆ ಒಂದು ಪಾಲು ಮಾತ್ರ.

ಎರಡು ಪಾಪೆಗಳನ್ನೂ ಸೇರಿಸಿ ಒಂದು ಗೆರೆ ಎಳೆಯಿರಿ. ತಲೆ ವಾಲಿದ್ದರೆ ಗೆರೆಯೂ ವಾಲಲಿ. ಆ ಗೆರೆಯಿಂದ ನೇರ ಕೆಳಕ್ಕೆ, ಅಂದರೆ ಗೆರೆಗೆ ಲಂಬವಾಗಿ, ಮೂರು ದೂರಗಳನ್ನು ಅಳೆಯಿರಿ: ಮೂಗು ಮೇಲ್ದುಟಿಯ ಚರ್ಮವನ್ನು ಸೇರುವ ಜಾಗ, ತುಟಿಗಳು ಕೂಡುವ ಗೆರೆ, ಗದ್ದದ ತುದಿ. ಚಿತ್ರದಲ್ಲೂ ಹೀಗೆಯೇ ಅಳೆಯಿರಿ.

ಒಂದು ಲೆಕ್ಕ ಮಾಡಿ ನೋಡೋಣ. ಪ್ರಿಂಟ್‌ನಲ್ಲಿ ಪಾಪೆಗಳ ಅಂತರ 40 ಮಿ.ಮೀ., ಮೂಗಿಗೆ 30, ತುಟಿಗೆ 45, ಗದ್ದಕ್ಕೆ 75 ಬಂದಿದೆ ಎಂದಿಟ್ಟುಕೊಳ್ಳಿ. ಚಿತ್ರದಲ್ಲಿ ಪಾಪೆಗಳ ಅಂತರ 80. ಅಂದರೆ ಚಿತ್ರ ಎರಡು ಪಟ್ಟು. ಉಳಿದವು 60, 90, 150 ಇರಬೇಕು. ಅಳೆದಾಗ ಮೂಗು, ತುಟಿ ಸರಿಬಂದು ಗದ್ದ ಮಾತ್ರ 140ಕ್ಕೇ ನಿಂತಿದ್ದರೆ ತಪ್ಪು ಗದ್ದದಲ್ಲೇ ಇದೆ. ಅದನ್ನು 10 ಮಿ.ಮೀ. ಕೆಳಗಿಳಿಸಿದರೆ ಆಯಿತು. ಒಂದೆರಡು ಮಿ.ಮೀ. ವ್ಯತ್ಯಾಸವನ್ನು ಇಲ್ಲಿ ತಪ್ಪೆಂದು ಎಣಿಸಬೇಡಿ. ಪೆನ್ಸಿಲ್ ಗೆರೆಯ ದಪ್ಪವೂ ಕೈಯ ಅಂದಾಜೂ ಅಷ್ಟನ್ನು ತಿನ್ನುತ್ತವೆ.

ಅನೇಕರು ದಾರಿ ತಪ್ಪುವುದು ಇದರ ಮುಂದಿನ ಹೆಜ್ಜೆಯಲ್ಲಿ. ಚಿತ್ರದಲ್ಲಿ ಪಾಪೆಗಳ ಅಂತರ 84 ಇದೆ, ಉಳಿದ ಮೂರೂ 60, 90, 150 ಇವೆ ಎನ್ನಿ. ಈಗ ಅಳತೆ 2.1 ಪಟ್ಟು ಆಗುವುದರಿಂದ 63, 94.5, 157.5 ಬರಬೇಕಿತ್ತು. ಮೂಗು, ಬಾಯಿ, ಗದ್ದ ಮೂರೂ ತಪ್ಪಾಗಿವೆ ಎಂದು ರಬ್ಬರ್ ಎತ್ತಿಕೊಳ್ಳಬೇಡಿ. ಮೂರೂ ಒಂದೇ ಪ್ರಮಾಣದಲ್ಲಿ ಕಡಿಮೆ ಬಂದಿವೆಯಲ್ಲ, ಸಂಶಯ ಪಡಬೇಕಾದದ್ದು ಅಳತೆಗೋಲನ್ನೇ: ಕಣ್ಣುಗಳು 4 ಮಿ.ಮೀ. ದೂರ ಸರಿದಿವೆ. ಖಚಿತಪಡಿಸಿಕೊಳ್ಳಲು ಮೂಗಿನಿಂದ ಗದ್ದದವರೆಗಿನ ಅಂತರವನ್ನು ಅಳತೆಗೋಲಾಗಿ ಇಟ್ಟುಕೊಂಡು ಮತ್ತೊಮ್ಮೆ ನೋಡಿ. ಫೋಟೊದಲ್ಲಿ ಅದು 45, ಚಿತ್ರದಲ್ಲಿ 90. ಸರಿಯಾಗಿ ಎರಡು ಪಟ್ಟು. ಕಣ್ಣನ್ನು ಸರಿಪಡಿಸಿದರೆ ಸಾಕು, ಉಳಿದದ್ದನ್ನು ಮುಟ್ಟುವುದೇ ಬೇಡ.

ಮೊಬೈಲ್‌ನಲ್ಲಿ ಫೋಟೊದ ಮೇಲೆ ಚಿತ್ರವನ್ನು ಪಾರದರ್ಶಕವಾಗಿ ಇಟ್ಟು ನೋಡುವವರೂ ಇದ್ದಾರೆ. ಮಾಡಬಹುದು, ಆದರೆ ಚಿತ್ರವನ್ನು ಕ್ಯಾಮೆರಾದಲ್ಲಿ ಹಿಡಿಯುವಾಗಲೇ ಮೋಸವಾಗುತ್ತದೆ. ಮೇಜಿನ ಮೇಲೆ ಮಲಗಿಸಿ ಓರೆಯಾಗಿ ತೆಗೆದರೆ ಹಾಳೆಯ ದೂರದ ಅಂಚು ಕಿರಿದಾಗಿ, ಮುಖವೂ ಮೊಟಕಾಗುತ್ತದೆ. ಚಿತ್ರವನ್ನು ಗೋಡೆಗೆ ನೇರವಾಗಿ ನಿಲ್ಲಿಸಿ, ಲೆನ್ಸನ್ನು ಅದರ ನಡುಮಧ್ಯದ ಎತ್ತರಕ್ಕೆ ಹಿಡಿದು, ಎರಡು ಮೀಟರ್‌ನಷ್ಟು ಹಿಂದೆ ಸರಿದು ಜೂಮ್ ಮಾಡಿ ತೆಗೆಯಿರಿ. ಪರದೆಯಲ್ಲಿ ಹಾಳೆಯ ಎದುರುಬದುರು ಅಂಚುಗಳು ಸಮಾನಾಂತರವಾಗಿ ಕಂಡರೆ ಅದನ್ನು ಬಳಸಬಹುದು. ಹೊಂದಿಸುವಾಗ ಎರಡು ಪಾಪೆಗಳನ್ನು ಮಾತ್ರ ಕೂಡಿಸಿ. ಅಗಲವನ್ನೋ ಎತ್ತರವನ್ನೋ ಬೇರೆಯಾಗಿ ಹಿಗ್ಗಿಸಿದರೆ ಹುಡುಕುತ್ತಿರುವ ತಪ್ಪೇ ಮಾಯವಾಗುತ್ತದೆ.

ಮನೆಯವರನ್ನು ಕೂರಿಸಿ ಬರೆದು, ಆಮೇಲೆ ಮೊಬೈಲ್ ಫೋಟೊಗೆ ಹೋಲಿಸುವವರು ಇನ್ನೊಂದನ್ನು ಗಮನಿಸಬೇಕು. ಒಂದು ಮೊಳ ದೂರದಿಂದ ತೆಗೆದ ಫೋಟೊದಲ್ಲಿ ಮೂಗು ದೊಡ್ಡದಾಗಿ, ಕಿವಿಗಳು ಹಿಂದೆ ಸರಿದು ಕಾಣುತ್ತವೆ. ಅಲ್ಲಿ ಲೆಕ್ಕ ಕೂಡದಿದ್ದರೆ ಚಿತ್ರವನ್ನು ತಿದ್ದುವ ಮೊದಲು, ನೀವು ಕುಳಿತು ಬರೆದ ಜಾಗದಿಂದಲೇ ಇನ್ನೊಂದು ಫೋಟೊ ತೆಗೆದು ಅಳೆಯಿರಿ.